ಫೋನಲ್ಲೇ ಕನ್ನಡ ಸಬ್‌ಟೈಟಲ್: ಕಾಗುಣಿತ ನೋಡುವುದು, ಸಾಲು ಮುರಿಯುವುದು

ಪ್ರಶ್ನೆ: ನಮ್ಮದು ಹಾವೇರಿ ಕಡೆ. ಅವ್ವ ಅಡುಗೆ ಮಾಡುವುದನ್ನು ಫೋನಲ್ಲೇ ಶೂಟ್ ಮಾಡಿ, ಒಂದು ನಿಮಿಷದೊಳಗಿನ ವಿಡಿಯೊ ಮಾಡಿ ಹಾಕುತ್ತೇನೆ. ಅವ್ವನ ಮಾತು ಬೆಂಗಳೂರು, ಮೈಸೂರು ಕಡೆಯವರಿಗೆ ಸರಿಯಾಗಿ ತಿಳಿಯಲ್ಲ ಅಂತ ಕನ್ನಡದಲ್ಲೇ ಸಬ್‌ಟೈಟಲ್ ಕೊಡುತ್ತಿದ್ದೇನೆ. ಆದರೆ ಒತ್ತಕ್ಷರ ಕೆಲವು ಸಲ ಒಡೆದು ಕಾಣುತ್ತವೆ, ಸಾಲು ಎಲ್ಲೆಲ್ಲೋ ಮುರಿಯುತ್ತದೆ, ಕಾಗುಣಿತ ತಪ್ಪು ಅಂತ ಜನ ಹೇಳುತ್ತಾರೆ. ದುಡ್ಡು ಕೊಡದೆ, ಕಂಪ್ಯೂಟರ್ ಇಲ್ಲದೆ ಇದನ್ನು ಸರಿ ಮಾಡೋದು ಹೇಗೆ?

ಉತ್ತರ:

ಮೊದಲು ಕೆಲಸದ ಕ್ರಮ ಬದಲಾಯಿಸಿ. ವಿಡಿಯೊ ಆ್ಯಪ್ ಒಳಗೆ ನೇರವಾಗಿ ಟೈಪ್ ಮಾಡುವುದನ್ನು ಬಿಡಿ. ಅಲ್ಲಿ ಅರ್ಧ ಪರದೆಯನ್ನು ಕೀಬೋರ್ಡೇ ನುಂಗಿರುತ್ತದೆ. ಬರೆಯುವ ಜಾಗದಲ್ಲಿ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಹಿಂದಿನ ಸಬ್‌ಟೈಟಲ್‌ನಲ್ಲಿ ಏನು ಬರೆದಿದ್ದೀರಿ ಅಂತ ನೋಡಲು ಅದನ್ನು ಮುಚ್ಚಿ ಹಿಂದೆ ಹೋಗಬೇಕು. ಇಂಥ ಕಡೆ ಕಾಗುಣಿತ ನೋಡುವುದು ಯಾರಿಗೂ ಕಷ್ಟವೇ. ಫೋನಲ್ಲಿರುವ ಯಾವುದಾದರೂ ನೋಟ್ಸ್ ಆ್ಯಪ್ ತೆಗೆಯಿರಿ, ಗೂಗಲ್ ಕೀಪ್ ಸಾಕು. ಅವ್ವ ಆಡಿದ ಮಾತನ್ನೆಲ್ಲ ಅಲ್ಲಿ ಬರೆದುಕೊಳ್ಳಿ. ಅಲ್ಲೇ ತಿದ್ದಿ, ಅಲ್ಲೇ ಸಾಲು ಮುರಿಯಿರಿ. ಪ್ರತಿ ಸಬ್‌ಟೈಟಲ್ ಆದ ಮೇಲೆ ಒಂದು ಖಾಲಿ ಸಾಲು ಬಿಡಿ. ಪೂರ್ತಿ ತಯಾರಾದ ಮೇಲೆ ಒಂದೊಂದಾಗಿ ನಕಲು ಮಾಡಿ ವಿಡಿಯೊ ಆ್ಯಪ್‌ಗೆ ಅಂಟಿಸಿ. ಇದರಿಂದ ಕೆಲಸ ಜಾಸ್ತಿಯಾಗುವುದಿಲ್ಲ. ಎಕ್ಸ್‌ಪೋರ್ಟ್ ಆದ ಮೇಲೆ ತಪ್ಪು ಸಿಕ್ಕಿ ಮತ್ತೆ ಮಾಡುವುದು ತಪ್ಪುತ್ತದೆ.

ಬರೆಯಲು ಶುರು ಮಾಡುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ಅವ್ವ "ಮ್ಯಾಲ" ಅಂದಾಗ ನೀವು "ಮ್ಯಾಲ" ಅಂತಲೇ ಬರೆಯುತ್ತೀರಾ, "ಮೇಲೆ" ಅಂತ ಬರೆಯುತ್ತೀರಾ? ನನ್ನ ಅಭಿಪ್ರಾಯದಲ್ಲಿ ಕೇಳಿದ ಹಾಗೆಯೇ ಬರೆಯಬೇಕು. ಕನ್ನಡ ಬಲ್ಲವರು ಸಬ್‌ಟೈಟಲ್ ಓದುವಾಗ ಕಿವಿಯನ್ನೂ ತೆರೆದಿಟ್ಟಿರುತ್ತಾರೆ. ಕಿವಿಗೆ "ಚೆಲ್ಲಬ್ಯಾಡ್ರಿ" ಬಿದ್ದು ಕಣ್ಣಿಗೆ "ಚೆಲ್ಲಬೇಡಿ" ಕಂಡರೆ ಓದು ಒಂದು ಕ್ಷಣ ನಿಲ್ಲುತ್ತದೆ. ಮೈಸೂರು ಕಡೆಯವರಿಗೆ ನಿಮ್ಮ ಮಾತು ಕಷ್ಟವಾಗುವುದು ಬಹಳ ಮಟ್ಟಿಗೆ ಅದರ ವೇಗ ಮತ್ತು ಉಚ್ಚಾರದಿಂದ. ಅದೇ ಮಾತನ್ನು ಅಕ್ಷರದಲ್ಲಿ ನೋಡಿದರೆ ಹೆಚ್ಚಿನದು ತಾನಾಗಿ ತಿಳಿಯುತ್ತದೆ. ಪದವೇ ಹೊಸದಾಗಿದ್ದರೆ ಮಾತ್ರ ಪರದೆಯ ಮೇಲ್ಭಾಗದಲ್ಲಿ ಚಿಕ್ಕದಾಗಿ ಅರ್ಥ ಕೊಡಿ.

ಹೀಗೆ ಬರೆದರೆ ಇನ್ನೊಂದು ಜವಾಬ್ದಾರಿ ಬರುತ್ತದೆ. ಆಡುಮಾತಿನ ರೂಪಗಳು ನಿಘಂಟಿನಲ್ಲಿ ಸಿಗುವುದು ಕಡಿಮೆ, ಹಾಗಾಗಿ ಅವುಗಳ ಕಾಗುಣಿತವನ್ನು ನೀವೇ ನಿಗದಿ ಮಾಡಬೇಕು. ಒಂದು ವಿಡಿಯೊದಲ್ಲಿ "ಬ್ಯಾಳಿ", ಇನ್ನೊಂದರಲ್ಲಿ "ಬ್ಯಾಳೆ", ಮತ್ತೊಂದರಲ್ಲಿ "ಬೇಳಿ" ಬಂದರೆ ಓದುವವರಿಗೆ ಅದು ತಪ್ಪಾಗಿಯೇ ಕಾಣುತ್ತದೆ. ಜನ ಕಾಗುಣಿತ ತಪ್ಪು ಅನ್ನುವುದರಲ್ಲಿ ಇಂಥವೂ ಸೇರಿರುತ್ತವೆ. ನೋಟ್ಸ್‌ನಲ್ಲೇ ಒಂದು ಪಟ್ಟಿ ಇಟ್ಟುಕೊಳ್ಳಿ: ಬ್ಯಾಳಿ, ಮ್ಯಾಲ, ಅದರಾಗ, ಬ್ಯಾಡ್ರಿ, ಮಾಡೂಣು, ಆಗೂತನಕ. ಹೊಸ ರೂಪ ಬಂದಾಗ ಅವ್ವನ ಉಚ್ಚಾರವನ್ನು ಎರಡು ಸಲ ಕೇಳಿ, ಒಂದು ರೂಪ ಆರಿಸಿ, ಪಟ್ಟಿಗೆ ಸೇರಿಸಿ. ಮುಂದೆ ಎಲ್ಲ ವಿಡಿಯೊದಲ್ಲೂ ಅದನ್ನೇ ಬಳಸಿ. ಜೀಬೋರ್ಡ್ ಕೀಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಡಿಕ್ಷನರಿ, ಅದರೊಳಗೆ ಪರ್ಸನಲ್ ಡಿಕ್ಷನರಿ ಅಂತ ಇದೆ. ಈ ಪದಗಳನ್ನು ಅಲ್ಲಿ ಸೇರಿಸಿಟ್ಟರೆ ಟೈಪ್ ಮಾಡುವಾಗ ಸಲಹೆಯಾಗಿ ಬರುತ್ತವೆ.

ಈಗ ನಿಜವಾದ ಕಾಗುಣಿತ ತಪ್ಪುಗಳಿಗೆ ಬರೋಣ. ಅಡುಗೆ ವಿಡಿಯೊಗಳಲ್ಲಿ ದೊಡ್ಡ ತೊಂದರೆ ಏನು ಅಂದರೆ, ತಪ್ಪಾಗಿ ಬರೆದ ಪದವೂ ಕನ್ನಡದಲ್ಲಿ ಸರಿಯಾದ ಪದವೇ ಆಗಿರುತ್ತದೆ. ಬೇಳೆ, ಬೆಳೆ, ಬೆಲೆ ಮೂರೂ ಪದಗಳೇ. ಇಂಗ್ಲಿಷ್ ಅಕ್ಷರದಲ್ಲಿ bele ಅಂತ ಹೊಡೆದು ಕನ್ನಡಕ್ಕೆ ಬದಲಾಯಿಸುವ ಕೀಬೋರ್ಡಿನಲ್ಲಿ ಈ ಮೂರರಲ್ಲಿ ಯಾವುದು ಬೇಕಾದರೂ ಮೇಲೆ ಬಂದು ಕೂರಬಹುದು. ಅವಸರದಲ್ಲಿ ಮೊದಲನೆಯದನ್ನೇ ಒತ್ತಿಬಿಡುತ್ತೇವೆ. ಹಾಗೆಯೇ ಹಾಲು ಹೋಗಿ ಹಾಳು ಆಗುತ್ತದೆ. "ಸಣ್ಣ ಉರಿಯಲ್ಲಿ ಹುರಿಯಿರಿ" ಅನ್ನುವಲ್ಲಿ ಉರಿ, ಹುರಿ ಅದಲುಬದಲಾಗುತ್ತವೆ. "ಹಿಟ್ಟು" "ಇಟ್ಟು" ಆಗುತ್ತದೆ. "ಆರಿದ ಮೇಲೆ ರುಬ್ಬಿ" ಅಂತ ಬರೆಯಬೇಕಾದಲ್ಲಿ "ಹಾರಿದ ಮೇಲೆ ರುಬ್ಬಿ" ಅಂತ ಬರುತ್ತದೆ. ಇವನ್ನು ಯಾವ ಕಾಗುಣಿತ ಪರೀಕ್ಷೆಯೂ ಕೆಂಪು ಗೆರೆ ಹಾಕಿ ತೋರಿಸುವುದಿಲ್ಲ, ಯಾಕೆಂದರೆ ಬಿಡಿಯಾಗಿ ನೋಡಿದರೆ ಅವು ಸರಿಯಾಗೇ ಇವೆ.

ಇಂಥ ತಪ್ಪು ಹಿಡಿಯಲು ಕಿವಿಯೇ ಒಳ್ಳೆಯ ದಾರಿ. ನೋಟ್ಸ್‌ನಲ್ಲಿ ಬರೆದ ಪೂರ್ತಿ ಪಠ್ಯವನ್ನು ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನ ಕನ್ನಡದ ಜಾಗದಲ್ಲಿ ಅಂಟಿಸಿ, ಸ್ಪೀಕರ್ ಗುರುತು ಒತ್ತಿ. ಅದು ನೀವು ಬರೆದದ್ದನ್ನು ಓದುತ್ತದೆ, ಬರೆಯಬೇಕು ಅಂದುಕೊಂಡದ್ದನ್ನಲ್ಲ. ನಮ್ಮ ಕಣ್ಣು ಹಾಗಲ್ಲ. ನಾವೇ ಬರೆದದ್ದನ್ನು ಓದುವಾಗ ಅದು ಮನಸ್ಸಿನಲ್ಲಿರುವುದನ್ನೇ ಕಾಣುತ್ತದೆ. ಕಣ್ಣು ಮುಚ್ಚಿ ಕೇಳಿ. ಹ್ರಸ್ವ ದೀರ್ಘ, ಲ ಮತ್ತು ಳ, ಬಿಟ್ಟುಹೋದ ಒತ್ತು ಇವೆಲ್ಲ ಥಟ್ಟನೆ ಗೊತ್ತಾಗುತ್ತವೆ. "ಅಕ್ಕಿ" ಬದಲು "ಅಕಿ" ಅಂತಿದ್ದರೆ ಅದು "ಅಕಿ" ಅಂತಲೇ ಓದುತ್ತದೆ.

ಈ ಉಪಾಯಕ್ಕೂ ಮಿತಿ ಇದೆ. ಶ ಮತ್ತು ಷ ಕೇಳಲು ಹೆಚ್ಚುಕಡಿಮೆ ಒಂದೇ. ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸವೂ ಫೋನಿನ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳುವುದಿಲ್ಲ. ವಿಶೇಷ, ಅರ್ಧ, ಸ್ವಲ್ಪ, ಮಿಶ್ರಣ, ಅರಿಶಿನ ಇಂಥ ಪದಗಳನ್ನು ಕಣ್ಣಲ್ಲೇ ನೋಡಬೇಕು. ಅನುಮಾನ ಬಂದರೆ ಅಲರ್ ನಿಘಂಟಿನಲ್ಲಿ ಹುಡುಕಿ. ಫೋನಿನ ಬ್ರೌಸರಿನಲ್ಲಿ alar.ink ಅಂತ ಹೊಡೆದರೆ ಸಾಕು. ವಿ. ಕೃಷ್ಣ ಅವರು ಬಹಳ ವರ್ಷ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಉಚಿತವಾಗಿ ಸಿಗುತ್ತದೆ. ಹುಡುಕುವಾಗ ಪದದ ಮೂಲ ರೂಪ ಕೊಡಬೇಕು. "ಹುರಿಯಿರಿ" ಅಂತ ಕೊಟ್ಟರೆ ಸಿಗದಿರಬಹುದು, "ಹುರಿ" ಅಂತ ಕೊಡಿ. "ಮಿಶ್ರಣವನ್ನು" ಅಲ್ಲ, "ಮಿಶ್ರಣ". ಪ್ರತ್ಯಯ ಸೇರಿದ ಪದ ಸಿಗಲಿಲ್ಲ ಅಂತ ಅದು ತಪ್ಪು ಅಂದುಕೊಳ್ಳಬೇಡಿ.

ಕಣ್ಣಿಗೆ ಸುಲಭವಾಗಿ ಸಿಗದ ಇನ್ನೊಂದು ತಪ್ಪು ಇದೆ. ಸೊನ್ನೆ ಎರಡು ಥರ. "ಬೆಂದ" ಪದದಲ್ಲಿರುವುದು ಅನುಸ್ವಾರ ಂ. ಅದರ ಬದಲು ಕನ್ನಡದ ಅಂಕಿ ಸೊನ್ನೆ ೦ ಹಾಕಿದರೆ "ಬೆ೦ದ" ಅಂತಾಗುತ್ತದೆ. ಕೆಲವು ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಫಾಂಟ್ ಬದಲಾಯಿಸಿದ ಕೂಡಲೇ ಅಂಕಿ ದೊಡ್ಡದಾಗಿ ಎದ್ದು ಕಾಣುತ್ತದೆ. ಬೇರೆಯವರು ಕಳಿಸಿದ ಪಠ್ಯ ಅಂಟಿಸುವಾಗ ಇದು ಜಾಸ್ತಿ. ನಿಮ್ಮ ನೋಟ್ಸ್ ಆ್ಯಪ್ ಪದದ ಮಧ್ಯದ ಅಕ್ಷರವನ್ನೂ ಹುಡುಕಿ ಕೊಡುವುದಾದರೆ ಹುಡುಕುವ ಜಾಗದಲ್ಲಿ ೦ ಹಾಕಿ ನೋಡಿ, ಪದದ ಮಧ್ಯೆ ಸಿಕ್ಕರೆ ತಿದ್ದಿ. ಅರ್ಕಾವತ್ತಿನ ಜಾಗದಲ್ಲಿ ಅಂಕಿ ೯ ಹಾಕುವವರೂ ಇದ್ದಾರೆ. ಅದನ್ನೂ ಹೀಗೆಯೇ ಹುಡುಕಬಹುದು.

ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಸೇರುವಾಗಲೂ ತೊಂದರೆ ಬರುತ್ತದೆ. ಕುಕ್ಕರ್ ಪದಕ್ಕೆ "ನಲ್ಲಿ" ಸೇರಿಸಿ ಹಾಗೇ ಟೈಪ್ ಮಾಡಿದರೆ "ಕುಕ್ಕರ್ನಲ್ಲಿ" ಅಂತ ರ್ ಹೋಗಿ ಮುಂದಿನ ಅಕ್ಷರದ ಬಲಕ್ಕೆ ಅರ್ಕಾವತ್ತಾಗಿ ಕೂರುತ್ತದೆ. "ಕುಕ್ಕರ್‌ನಲ್ಲಿ" ಅಂತ ಬಿಡಿಯಾಗಿ ಕಾಣಬೇಕಾದರೆ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದರ ಹೆಸರು ZWNJ. ಎರಡು ಅಕ್ಷರ ಒಂದಕ್ಕೊಂದು ಅಂಟದ ಹಾಗೆ ತಡೆಯುವುದು ಅದರ ಕೆಲಸ. ಕೆಲವು ಫಾಂಟ್‌ಗಳಲ್ಲಿ ಅದರ ಜಾಗದಲ್ಲಿ ಚಿಕ್ಕ ಚೌಕ ಕಾಣುತ್ತದೆ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕನ್ನಡದ ಬಾಯಿಗೆ ಒಪ್ಪುವ ಹಾಗೆ "ಕುಕ್ಕರಿನಲ್ಲಿ" ಅಂತ ಬರೆಯಿರಿ, ನಿಮ್ಮ ಕಡೆಯ ಮಾತಿನಲ್ಲಾದರೆ "ಕುಕ್ಕರಿನಾಗ". ಸ್ವರ ಸೇರಿದ ಕೂಡಲೇ ಸಮಸ್ಯೆಯೇ ಇರುವುದಿಲ್ಲ. ಆ ಸಂಕೇತ ಬೇಕೇ ಬೇಕಾದ ಪದಗಳನ್ನು, ಉದಾಹರಣೆಗೆ ಸಾಫ್ಟ್‌ವೇರ್, ಸರಿಯಾಗಿ ಬರೆದಿರುವ ಕಡೆಯಿಂದ ಒಂದು ಸಲ ನಕಲು ಮಾಡಿ ಪರ್ಸನಲ್ ಡಿಕ್ಷನರಿಯಲ್ಲಿ ಇಟ್ಟುಕೊಳ್ಳಿ.

ಕಾಗುಣಿತದಲ್ಲಿ ಕೊನೆಯದು ಪದಗಳ ನಡುವಿನ ಜಾಗ. ಸಾಲು ಮುರಿಯುವ ತೊಂದರೆ ಅರ್ಧ ಹುಟ್ಟುವುದೇ ಇಲ್ಲಿಂದ. "ಮಾಡಬೇಕು" ಒಂದು ಪದ. ಅದನ್ನು "ಮಾಡ ಬೇಕು" ಅಂತ ಬಿಡಿಸಿ ಬರೆದರೆ ಆ್ಯಪ್‌ಗೆ ಅದು ಎರಡು ಪದ. ಸಾಲಿನ ತುದಿಗೆ ಬಂದಾಗ "ಮಾಡ" ಮೇಲೆ ಉಳಿದು "ಬೇಕು" ಕೆಳಗೆ ಹೋಗುತ್ತದೆ. "ಹಾಕ ಬೇಡಿ", "ಚೆಲ್ಲ ಬ್ಯಾಡ್ರಿ", "ಹಾಕ ಬಹುದು" ಇವೂ ಹಾಗೆಯೇ. ಧ್ವನಿಯಿಂದ ಟೈಪ್ ಮಾಡಿಸಿದರೆ ಇಂಥ ಅನಗತ್ಯ ಜಾಗ ಅಲ್ಲಲ್ಲಿ ಬರಬಹುದು. ಬೇಕು, ಬೇಡ, ಬಹುದು, ಇಲ್ಲ ಇವುಗಳ ಹಿಂದಿನ ಜಾಗವನ್ನು ಒಂದೊಂದಾಗಿ ನೋಡಿ, ಕೂಡಿಸಬೇಕಾದಲ್ಲಿ ಕೂಡಿಸಿ.

ಇನ್ನು ಸಾಲು ಮುರಿಯುವ ವಿಷಯ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಕಾಗುಣಿತ ಸರಿ ಇದ್ದೂ ಓದಲು ಕಷ್ಟವಾಗುವುದು ಇದರಿಂದಲೇ.

ನಿಂತ ಫೋನಿನ ಅಳತೆಯ ವಿಡಿಯೊದಲ್ಲಿ ಅಗಲ ಕಡಿಮೆ. ಅಕ್ಷರ ಚೆನ್ನಾಗಿ ಓದಲು ಬರುವಷ್ಟು ದೊಡ್ಡದಿದ್ದರೆ ಒಂದು ಸಾಲಿಗೆ 12ರಿಂದ 15 ಅಕ್ಷರ ಹಿಡಿಸುತ್ತದೆ. ಇಲ್ಲಿ ಅಕ್ಷರ ಅಂದರೆ ನಾವು ಬಾಯಲ್ಲಿ ಹೇಳುವ ಅಕ್ಷರ. "ಸ್ತ್ರೀ" ನಮಗೆ ಒಂದಕ್ಷರ, ಫೋನಿನ ಲೆಕ್ಕದಲ್ಲಿ ಅದು 6 ಸಂಕೇತ. ಆದ್ದರಿಂದ ಆ್ಯಪ್ ತೋರಿಸುವ ಅಕ್ಷರ ಸಂಖ್ಯೆ ನಂಬಬೇಡಿ, ಬೆರಳಲ್ಲೇ ಎಣಿಸಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಓದುವ ವೇಗಕ್ಕೆ ನನ್ನ ಅಳತೆ ಸೆಕೆಂಡಿಗೆ ಹೆಚ್ಚೆಂದರೆ 7 ಅಥವಾ 8 ಅಕ್ಷರ. ಅಡುಗೆ ವಿಡಿಯೊದಲ್ಲಿ ನೋಡುವವರ ಕಣ್ಣು ಪಾತ್ರೆಯ ಕಡೆಯೂ ಹೋಗಬೇಕಲ್ಲ, ಅದಕ್ಕೆ ಇನ್ನೂ ಸ್ವಲ್ಪ ನಿಧಾನವಿದ್ದರೆ ಒಳ್ಳೆಯದು. ಎಷ್ಟೇ ಚಿಕ್ಕ ಮಾತಾದರೂ ಒಂದು ಸೆಕೆಂಡಾದರೂ ಪರದೆಯ ಮೇಲಿರಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೋಳಿಗೆಯ ಹೂರಣ ಮಾಡುತ್ತಾ ಅವ್ವ ಹೀಗೆ ಹೇಳುತ್ತಾರೆ ಅಂದುಕೊಳ್ಳಿ: "ಬ್ಯಾಳಿ ಬೆಂದ ಮ್ಯಾಲ ನೀರು ಬಸೀರಿ. ಆ ನೀರು ಚೆಲ್ಲಬ್ಯಾಡ್ರಿ, ಅದರಾಗ ಕಟ್ಟಿನ ಸಾರು ಮಾಡೂಣು. ಬ್ಯಾಳಿಗೆ ಬೆಲ್ಲ ಹಾಕಿ ಸಣ್ಣ ಉರಿ ಮ್ಯಾಲ ಗಟ್ಟಿ ಆಗೂತನಕ ತಿರುವಿ, ಆರಿದ ಮ್ಯಾಲ ರುಬ್ಬರಿ." ಕೆಲಸ ಮಾಡುತ್ತಾ ನಿಧಾನವಾಗಿ ಹೇಳಿದರೆ ಸುಮಾರು 12 ಸೆಕೆಂಡಿನ ಮಾತು. ಇದನ್ನು ಹಾಗೇ ಅಂಟಿಸಿದರೆ ಆ್ಯಪ್ ಅಗಲ ನೋಡಿ ಮುರಿಯುತ್ತದೆ. "ಬ್ಯಾಳಿ ಬೆಂದ ಮ್ಯಾಲ ನೀರು ಬಸೀರಿ. ಆ ನೀರು" ಒಂದು ಸಾಲು, "ಚೆಲ್ಲಬ್ಯಾಡ್ರಿ, ಅದರಾಗ ಕಟ್ಟಿನ ಸಾರು" ಇನ್ನೊಂದು ಸಾಲು. ನೀರನ್ನು ಏನು ಮಾಡಬೇಕು ಅನ್ನುವುದು ಮುಂದಿನ ಮಾತಿನ ಜೊತೆ ಕಲಸಿಹೋಯಿತು. ನಾನು ಹೀಗೆ ಮುರಿಯುತ್ತೇನೆ. ನೋಟ್ಸ್‌ನಲ್ಲಿ ಇದು ಕಾಣುವ ರೀತಿ:

```
ಬ್ಯಾಳಿ ಬೆಂದ ಮ್ಯಾಲ
ನೀರು ಬಸೀರಿ

ಆ ನೀರು ಚೆಲ್ಲಬ್ಯಾಡ್ರಿ

ಅದರಾಗ ಕಟ್ಟಿನ ಸಾರು ಮಾಡೂಣು

ಬ್ಯಾಳಿಗೆ ಬೆಲ್ಲ ಹಾಕಿ

ಸಣ್ಣ ಉರಿ ಮ್ಯಾಲ
ಗಟ್ಟಿ ಆಗೂತನಕ ತಿರುವಿ

ಆರಿದ ಮ್ಯಾಲ ರುಬ್ಬರಿ
```

ಮೊದಲನೆಯದರಲ್ಲಿ 11 ಅಕ್ಷರ. ಒಂದೇ ಸಾಲಿನಲ್ಲಿ ಹಿಡಿಸಬಹುದಿತ್ತು. ಆದರೂ ಎರಡು ಸಾಲು ಮಾಡಿದೆ, ಯಾಕೆಂದರೆ "ಬೆಂದ ಮ್ಯಾಲ" ಹತ್ತಿರ ಮಾತು ಸಹಜವಾಗಿ ಉಸಿರು ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ ಮುರಿಯಲು ಒಳ್ಳೆಯ ಜಾಗಗಳು ಇಂಥವೇ. "ಮೇಲೆ", "ಬೆಂದರೆ", "ತನಕ", "ಅಂತ" ಇವು ಮುಗಿದ ಕೂಡಲೇ ಮುರಿಯಬಹುದು. "ಹಾಕಿ", "ತೊಳೆದು", "ಕಲಸಿ" ಥರದ ಕ್ರಿಯಾಪದ ಮುಗಿದ ಮೇಲೂ ಮುರಿಯಬಹುದು. ಇವು ಹಿಂದಿನ ಮಾತಿಗೆ ಸೇರಿದವು. ಆದ್ದರಿಂದ ಸಾಲಿನ ಕೊನೆಯಲ್ಲಿರಬೇಕು, ಮುಂದಿನ ಸಾಲಿನ ಮೊದಲಿಗೆ ಬರಬಾರದು. "ಬ್ಯಾಳಿ ಬೆಂದ" ಮೇಲೆ, "ಮ್ಯಾಲ ನೀರು ಬಸೀರಿ" ಕೆಳಗೆ ಆದರೆ ಮೇಲಿನ ನೀರನ್ನು ಬಸಿಯಬೇಕು ಅಂತ ಓದಿಸುತ್ತದೆ. ಅಡುಗೆಯೇ ಬೇರೆಯಾಗಿಬಿಡುತ್ತದೆ.

ಎರಡನೆಯದು ಬರೀ 7 ಅಕ್ಷರ. ಅದನ್ನು ಮುಂದಿನದರ ಜೊತೆ ಸೇರಿಸಬಹುದಿತ್ತು, ಎರಡೂ ಕೂಡಿ 19 ಅಕ್ಷರ, ಎರಡು ಸಾಲಿನಲ್ಲಿ ಹಿಡಿಸುತ್ತದೆ. ಬೇಕಂತಲೇ ಬೇರೆ ಇಟ್ಟೆ. ಚೆಲ್ಲಬೇಡಿ ಅನ್ನುವುದು ಎಚ್ಚರಿಕೆಯ ಮಾತು, ನೋಡುವವರಿಗೆ ಅದು ಒಂಟಿಯಾಗಿ ಕಾಣಬೇಕು. ಕನ್ನಡದಲ್ಲಿ ಇಲ್ಲ, ಬೇಡ ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ ಅನ್ನುವುದನ್ನು ಸದಾ ನೆನಪಿಟ್ಟುಕೊಳ್ಳಿ. "ನೀರು ಜಾಸ್ತಿ ಹಾಕುವ ಅಗತ್ಯ" ಒಂದು ಸಬ್‌ಟೈಟಲ್‌ನಲ್ಲಿ ಬಂದು "ಇಲ್ಲ" ಮುಂದಿನದರಲ್ಲಿ ಬಂದರೆ, ಓದುವವರು ಅಷ್ಟರಲ್ಲಿ ನೀರು ಹಾಕಬೇಕು ಅಂದುಕೊಂಡಿರುತ್ತಾರೆ. ಒಂದೇ ಸಬ್‌ಟೈಟಲ್‌ನ ಎರಡು ಸಾಲಿನ ನಡುವೆ ಮುರಿದರೆ ಅಷ್ಟು ಕೆಟ್ಟದಲ್ಲ, ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ. ಎರಡು ಬೇರೆ ಸಬ್‌ಟೈಟಲ್‌ಗೆ ಹಂಚಿಹೋಗಬಾರದು.

"ಸಣ್ಣ ಉರಿ ಮ್ಯಾಲ ಗಟ್ಟಿ ಆಗೂತನಕ ತಿರುವಿ" ಅನ್ನುವುದು 16 ಅಕ್ಷರ, ಒಂದು ಸಾಲಿಗೆ ಹೆಚ್ಚಾಯಿತು. ಅಗಲ ಮಾತ್ರ ನೋಡಿದರೆ "ಗಟ್ಟಿ" ಮೇಲೆ ಉಳಿದು "ಆಗೂತನಕ" ಕೆಳಗೆ ಹೋಗಬಹುದು. "ಗಟ್ಟಿ ಆಗು" ಎರಡು ಪದವಾದರೂ ಅರ್ಥ ಒಂದೇ. ಇಂಥ ಜೋಡಿಯನ್ನು ಬಿಡಿಸಬೇಡಿ. ಹಾಗೆಯೇ "ಸಣ್ಣ ಉರಿ", "ಕಟ್ಟಿನ ಸಾರು", "2 ಚಮಚ", "ಅರ್ಧ ಕೆಜಿ" ಇವೆಲ್ಲ ಒಂದೇ ಸಾಲಿನಲ್ಲಿರಬೇಕು. ಎರಡು ಸಾಲೂ ಸಮ ಉದ್ದ ಇರಬೇಕು ಅಂತ ಇವನ್ನು ಒಡೆಯುವವರಿದ್ದಾರೆ. ನೋಡಲು ಚೆಂದ ಕಾಣಬಹುದು, ಓದಲು ಅಲ್ಲ. ಮೇಲಿನ ಸಾಲು 6 ಅಕ್ಷರ, ಕೆಳಗಿನದು 10 ಅಕ್ಷರ ಆದರೆ ಏನೂ ತೊಂದರೆ ಇಲ್ಲ.

ಕೊನೆಯಲ್ಲಿ ಪೂರ್ಣವಿರಾಮ ಹಾಕಿಲ್ಲ, ಗಮನಿಸಿರಬಹುದು. ಒಂದೊಂದು ಸಬ್‌ಟೈಟಲ್ ಒಂದೊಂದು ಮಾತಾಗಿರುವಾಗ ಚಿಕ್ಕ ವಿಡಿಯೊದಲ್ಲಿ ಅದು ಬೇಕಾಗುವುದಿಲ್ಲ. ಪ್ರಶ್ನೆ ಚಿಹ್ನೆ ಮಾತ್ರ ಬಿಡಬೇಡಿ.

ಈಗ ಅಂಟಿಸುವ ಕೆಲಸ. ವಿಎನ್, ಇನ್‌ಶಾಟ್, ಯೂಕಟ್ ಇವು ಮೂರೂ ದುಡ್ಡು ಕೊಡದೆ ಬಳಸಬಹುದಾದವು. ಇನ್‌ಶಾಟ್‌ನ ಉಚಿತ ಆವೃತ್ತಿ ವಿಡಿಯೊ ಮೂಲೆಯಲ್ಲಿ ತನ್ನ ಗುರುತು ಹಾಕುತ್ತದೆ. ಜಾಹೀರಾತು ನೋಡಿ ಅದನ್ನು ತೆಗೆಸಬಹುದು. ಯಾವುದು ಒಳ್ಳೆಯದು ಅಂತ ಬೇರೆಯವರನ್ನು ಕೇಳುವುದಕ್ಕಿಂತ ನಿಮ್ಮ ಫೋನಲ್ಲೇ ಒಂದು ಪರೀಕ್ಷೆ ಮಾಡಿ. ಈ ಸಾಲನ್ನು ಆ್ಯಪ್‌ನಲ್ಲಿ ಅಂಟಿಸಿ:

```
ಸ್ತ್ರೀ ರಾಷ್ಟ್ರ ಲಕ್ಷ್ಮಿ ಕೃಷ್ಣ ಜ್ಞಾನ ಅರ್ಧ ಆ್ಯಪ್ ಸಾಫ್ಟ್‌ವೇರ್
```

ಎಲ್ಲ ಸರಿಯಾಗಿ ಕಂಡರೆ ಆ ಆ್ಯಪ್ ಮತ್ತು ಆ ಫಾಂಟ್ ಸಾಕು. ಕಾಣದಿದ್ದರೆ, ಏನು ಕಾಣುತ್ತದೆ ಅನ್ನುವುದರಿಂದಲೇ ಕಾರಣ ತಿಳಿಯುತ್ತದೆ. ಒತ್ತಕ್ಷರ ಕೆಳಗೆ ಬರದೆ "ಸ್ ತ್ ರೀ" ಥರ ಬಿಡಿಬಿಡಿಯಾಗಿ ನಿಂತರೆ ಅಕ್ಷರ ಜೋಡಿಸುವ ಕೆಲಸ ಸರಿಯಾಗಿ ನಡೆದಿಲ್ಲ. ಅದೇ ಸಾಲು ಅದೇ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಸರಿಯಾಗಿ ಕಂಡರೆ ತಪ್ಪು ಫೋನಿನದಲ್ಲ, ನಿಮ್ಮ ಟೈಪಿಂಗಿನದೂ ಅಲ್ಲ. ಮೊದಲು ಫಾಂಟ್ ಬದಲಾಯಿಸಿ, ಆಗಲೂ ಆಗದಿದ್ದರೆ ಆ್ಯಪ್ ಬದಲಾಯಿಸಿ. ಚುಕ್ಕಿಯ ವೃತ್ತ ಕಂಡರೆ ಕಾಗುಣಿತದ ಗುರುತು ಅದರ ಅಕ್ಷರದಿಂದ ಬೇರೆಯಾಗಿದೆ, ಆ ಪದವನ್ನು ಅಳಿಸಿ ಮತ್ತೆ ಟೈಪ್ ಮಾಡಿ. ಖಾಲಿ ಚೌಕಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ.

ನೀವು ಹೇಳಿದ್ದು ಒತ್ತಕ್ಷರ "ಕೆಲವು ಸಲ" ಒಡೆಯುತ್ತವೆ ಅಂತ. ಯಾವಾಗಲೂ ಒಡೆಯದೆ ಕೆಲವು ಸಲ ಮಾತ್ರ ಒಡೆದರೆ ನನಗೆ ಎರಡು ಅನುಮಾನ. ಒಂದು, ಅಕ್ಷರಗಳ ನಡುವಿನ ಅಂತರ. ಪಠ್ಯದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸ್ವಲ್ಪ ಹೆಚ್ಚಿಸಿದರೂ ಅಕ್ಷರ ಮತ್ತು ಒತ್ತು ಬೇರೆಯಾಗಬಹುದು. ಅದು ಸೊನ್ನೆಯಲ್ಲೇ ಇರಲಿ. ಇನ್ನೊಂದು, ಒಂದೊಂದೇ ಅಕ್ಷರ ಟೈಪ್ ಆದ ಹಾಗೆ ಮೂಡುವ ಆ್ಯನಿಮೇಷನ್. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ ಅಂತ ಅಕ್ಷರ ಮಿಣುಕುತ್ತಾ ಬದಲಾಗುತ್ತದೆ. ನಿಧಾನವಾಗಿ ಪೂರ್ತಿ ಮೂಡುವ ಬಗೆಯದನ್ನು ಬಳಸಿ, ಇಲ್ಲವೇ ಆ್ಯನಿಮೇಷನ್ ಇಲ್ಲದೆಯೇ ಹಾಕಿ.

ಫಾಂಟ್ ಹೊರಗಿನಿಂದ ಸೇರಿಸುವುದಾದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ 2, ಆನೆಕ್ ಕನ್ನಡ ಉಚಿತವಾಗಿ ಸಿಗುತ್ತವೆ. ಸಬ್‌ಟೈಟಲ್‌ಗೆ ಬಾಲೂ ತಮ್ಮ ನನಗೆ ಇಷ್ಟ. ಅಕ್ಷರ ದಪ್ಪಗಿದ್ದು ಹೊಗೆ, ಹಬೆ ತುಂಬಿದ ಅಡುಗೆಮನೆಯ ದೃಶ್ಯದ ಮೇಲೂ ಎದ್ದು ಕಾಣುತ್ತದೆ. ಡೌನ್‌ಲೋಡ್ ಮಾಡಿದ ಜಿಪ್ ಕಡತದಲ್ಲಿ static ಅನ್ನುವ ಫೋಲ್ಡರ್ ಇದ್ದರೆ ಅದರೊಳಗಿನ ಕಡತವನ್ನೇ ಆರಿಸಿ. ಹೊರಗಿರುವ ಒಂದೇ ಕಡತದಲ್ಲಿ ಎಲ್ಲ ದಪ್ಪಗಳೂ ಸೇರಿರುತ್ತವೆ, ಫೋನ್ ಆ್ಯಪ್‌ಗಳು ಅದನ್ನು ಸರಿಯಾಗಿ ಓದದೆ ತೆಳು ಅಕ್ಷರ ತೋರಿಸುವುದುಂಟು. ಅದಕ್ಕೆ ಅಂಚಿನ ಗೆರೆ ಕೊಟ್ಟರೆ ಅಕ್ಷರದ ಒಳಗೆ ಜೋಡಣೆಯ ಗೆರೆಗಳೂ ಕಾಣಬಹುದು. ಹಳೆಯ ನುಡಿ, ಬರಹ ಫಾಂಟ್‌ಗಳನ್ನು ಹಾಕಬೇಡಿ. ಅವು ಯೂನಿಕೋಡಿಗೆ ಮುಂಚಿನ ಕ್ರಮದವು, ನೀವು ಫೋನಲ್ಲಿ ಟೈಪ್ ಮಾಡುವ ಕನ್ನಡ ಅವುಗಳಲ್ಲಿ ಮೂಡುವುದಿಲ್ಲ. ನುಡಿ, ಬರಹದ ಯೂನಿಕೋಡ್ ಫಾಂಟ್ ಆದರೆ ತೊಂದರೆ ಇಲ್ಲ.

ಅಂಟಿಸಿದ ಮೇಲೆ ಅಕ್ಷರದ ಗಾತ್ರವನ್ನು ಮೊದಲ ಸಬ್‌ಟೈಟಲ್‌ನಲ್ಲೇ ನಿಗದಿ ಮಾಡಿ, ಅದನ್ನೇ ನಕಲು ಮಾಡಿ ಪಠ್ಯ ಮಾತ್ರ ಬದಲಾಯಿಸುತ್ತಾ ಹೋಗಿ. ಒಂದೊಂದನ್ನೂ ಬೆರಳಲ್ಲಿ ಎಳೆದು ದೊಡ್ಡದು ಚಿಕ್ಕದು ಮಾಡಿದರೆ ಗಾತ್ರ ಒಂದೇ ಥರ ಇರುವುದಿಲ್ಲ. ಎಳೆಯುವಾಗ ಪಠ್ಯದ ಚೌಕಟ್ಟಿನ ಅಗಲ ಕಡಿಮೆಯಾದರೆ ನೀವು ಎಂಟರ್ ಒತ್ತಿ ಮುರಿದ ಸಾಲನ್ನು ಆ್ಯಪ್ ಮತ್ತೆ ಮುರಿದು ಮೂರು ಸಾಲು ಮಾಡುತ್ತದೆ. ಚೌಕಟ್ಟು ನಿಮ್ಮ ಉದ್ದದ ಸಾಲಿಗಿಂತ ಸ್ವಲ್ಪ ಅಗಲವೇ ಇರಲಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. "ಷ್ಟ್ರ" ಥರದ ಅಕ್ಷರದ ಒತ್ತು ಬಹಳ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಣಿತದ ಗುರುತಿಗೆ ತಾಗುತ್ತದೆ. ಹಿನ್ನೆಲೆಗೆ ಕಪ್ಪು ಪಟ್ಟಿ ಕೊಟ್ಟಿದ್ದರೆ ಕೊನೆಯ ಸಾಲಿನ ಒತ್ತು ಅದರೊಳಗೆ ಪೂರ್ತಿ ಇದೆಯಾ ನೋಡಿ. ಪರದೆಯ ತೀರಾ ಕೆಳಗೆ ಹಾಕಬೇಡಿ. ರೀಲ್ಸ್, ಶಾರ್ಟ್ಸ್ ಎರಡರಲ್ಲೂ ಅಲ್ಲಿ ನಿಮ್ಮ ಹೆಸರು, ವಿವರಣೆ ಬಂದು ಕೂರುತ್ತವೆ, ಬಲಗಡೆ ಲೈಕ್, ಶೇರ್ ಗುರುತುಗಳಿರುತ್ತವೆ. ಕೆಳಗಿನ ಕಾಲುಭಾಗ ಬಿಟ್ಟು ಅದರ ಮೇಲೆ ಇಡಿ.

ಕೊನೆಯ ಪರೀಕ್ಷೆಯನ್ನು ಎಡಿಟ್ ಮಾಡುವ ಪರದೆಯಲ್ಲಿ ಮಾಡಬೇಡಿ. ಎಕ್ಸ್‌ಪೋರ್ಟ್ ಆದ ವಿಡಿಯೊವನ್ನು ಗ್ಯಾಲರಿಯಲ್ಲಿ ತೆರೆಯಿರಿ. ಎಡಿಟ್ ಮಾಡುವಾಗ ಸರಿಯಾಗಿದ್ದ ಅಕ್ಷರ ಎಕ್ಸ್‌ಪೋರ್ಟ್‌ನಲ್ಲಿ ಬದಲಾಗಿರಬಹುದು. ಮೊದಲ ಸಲ ಧ್ವನಿ ಪೂರ್ತಿ ನಿಲ್ಲಿಸಿ, ಮಧ್ಯೆ ತಡೆಯದೆ ನೋಡಿ. ಯಾವ ಸಬ್‌ಟೈಟಲ್ ಓದಿ ಮುಗಿಯುವ ಮೊದಲೇ ಹೋಯಿತೋ ಅದನ್ನು ಗುರುತು ಹಾಕಿಕೊಳ್ಳಿ. ಬರೆದವರು ನೀವೇ, ನಿಮಗೇ ಸಾಲದಿದ್ದರೆ ಬೇರೆಯವರಿಗೆ ಖಂಡಿತ ಸಾಲುವುದಿಲ್ಲ. ಎರಡನೇ ಸಲ ಪ್ರತಿ ಸಬ್‌ಟೈಟಲ್‌ನಲ್ಲೂ ನಿಲ್ಲಿಸಿ, ಕೊನೆಯಿಂದ ಮೊದಲಿಗೆ ಓದುತ್ತಾ ಬನ್ನಿ. ಹಿಂದುಮುಂದಾಗಿ ಓದಿದರೆ ಮಾತಿನ ಓಘ ಎಳೆದುಕೊಂಡು ಹೋಗುವುದಿಲ್ಲ, ಅಕ್ಷರ ಕಾಣುತ್ತದೆ. ಆಮೇಲೆ ಮೈಸೂರು ಕಡೆಯ ಪರಿಚಯದವರು ಒಬ್ಬರಿಗೆ ಕಳಿಸಿ, ಧ್ವನಿ ಇಲ್ಲದೆ ನೋಡಿ ಯಾವ ಪದ ತಿಳಿಯಲಿಲ್ಲ ಅಂತ ಕೇಳಿ. ಮೇಲ್ಭಾಗದಲ್ಲಿ ಅರ್ಥ ಕೊಡಬೇಕಾದ ಪದಗಳು ಯಾವುವು ಅಂತ ಅವರ ಉತ್ತರದಿಂದಲೇ ಗೊತ್ತಾಗುತ್ತದೆ.

ವಿಡಿಯೊ ಹಾಕಿದ ಮೇಲೂ ಆ್ಯಪ್‌ನಲ್ಲಿರುವ ಪ್ರಾಜೆಕ್ಟ್ ಮತ್ತು ಫೋನಲ್ಲಿರುವ ಮೂಲ ವಿಡಿಯೊ ಎರಡನ್ನೂ ಕೆಲವು ದಿನ ಅಳಿಸಬೇಡಿ. ಹೀಗೆ ಹಾಕಿದ ಅಕ್ಷರಗಳು ಚಿತ್ರದ ಭಾಗವೇ ಆಗಿರುವುದರಿಂದ ತಪ್ಪು ಸಿಕ್ಕರೆ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಹೊಸದಾಗಿ ಹಾಕುವುದೊಂದೇ ದಾರಿ. ಯೂಟ್ಯೂಬಿಗೆ ಹಾಕುವುದಾದರೆ ಇನ್ನೊಂದು ದಾರಿ ಇದೆ. ಸಬ್‌ಟೈಟಲ್‌ಗಳನ್ನು ಸಮಯದ ಸಮೇತ ಒಂದು ಪಠ್ಯ ಕಡತದಲ್ಲಿ ಬರೆದು, .srt ಅಂತ ಹೆಸರಿಟ್ಟು, ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತ್ಯೇಕವಾಗಿ ಸೇರಿಸಬಹುದು. ಅದರ ರೂಪ ಹೀಗಿರುತ್ತದೆ:

```
1
00:00:00,500 --> 00:00:02,700
ಬ್ಯಾಳಿ ಬೆಂದ ಮ್ಯಾಲ
ನೀರು ಬಸೀರಿ

2
00:00:02,900 --> 00:00:04,400
ಆ ನೀರು ಚೆಲ್ಲಬ್ಯಾಡ್ರಿ
```

ಕಡತವನ್ನು UTF-8 ರೂಪದಲ್ಲಿ ಉಳಿಸಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಫೋನಿನ ಬ್ರೌಸರಿನಲ್ಲಿ studio.youtube.com ತೆರೆದು ಡೆಸ್ಕ್‌ಟಾಪ್ ಸೈಟ್ ಆರಿಸಿಕೊಂಡರೆ ಕಂಪ್ಯೂಟರ್ ಇಲ್ಲದೆಯೂ ಇದು ಆಗುತ್ತದೆ. ಇದರಲ್ಲಿ ಕಾಗುಣಿತ ತಪ್ಪು ಸಿಕ್ಕಾಗ ವಿಡಿಯೊ ಮುಟ್ಟದೆ ಆ ಒಂದು ಸಾಲು ತಿದ್ದಿದರೆ ಮುಗಿಯಿತು. ನೋಡುವವರು ಸಬ್‌ಟೈಟಲ್ ಆನ್ ಮಾಡಿಕೊಂಡರೆ ಮಾತ್ರ ಕಾಣುತ್ತದೆ ಅನ್ನುವುದು ಇದರ ಕೊರತೆ. ಹಾಗಾಗಿ ಚಿಕ್ಕ ವಿಡಿಯೊಗೆ ಚಿತ್ರದ ಮೇಲೇ ಅಕ್ಷರ ಹಾಕಿ, ಪೂರ್ತಿ ಅಡುಗೆಯ ದೊಡ್ಡ ವಿಡಿಯೊ ಮಾಡಿದಾಗ ಈ ಕಡತದ ದಾರಿ ಹಿಡಿಯಿರಿ.